ಪ್ಲೇಟ್‌ಲೆಟ್ 42,000, ಪಿಸಿಟಿ 0.149: ತಿದ್ದಿದ ಲ್ಯಾಬ್ ರಿಪೋರ್ಟ್ ಗುರುತಿಸುವುದು ಹೇಗೆ

ನಮ್ಮ ನೌಕರರ ಸಂಘದಲ್ಲಿ ಒಂದು ಸಣ್ಣ ವೈದ್ಯಕೀಯ ನೆರವಿನ ನಿಧಿ ಇದೆ. ಆಸ್ಪತ್ರೆ ಸೇರಿದ ಸದಸ್ಯರು ಬಿಲ್ಲು, ರಿಪೋರ್ಟು ಲಗತ್ತಿಸಿ ಅರ್ಜಿ ಹಾಕುತ್ತಾರೆ. ನಾನು ಹಿಂದೆ ಹನ್ನೊಂದು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ಹಾಗಾಗಿ "ನಿಮಗೆ ಗೊತ್ತಾಗುತ್ತೆ ಸಾರ್, ಒಂದ್ಸಲ ನೋಡಿಬಿಡಿ" ಎನ್ನುತ್ತಾ ಎಲ್ಲ ರಿಪೋರ್ಟುಗಳನ್ನೂ ನನ್ನ ಮೇಜಿಗೆ ತಂದಿಡುತ್ತಾರೆ.

2024ರ ಮಳೆಗಾಲ ನೆನಪಿರಬಹುದು, ಡೆಂಗಿ ಜೋರಾಗಿತ್ತು. ಆಗ ಬಂದ ಒಂದು ಅರ್ಜಿಯಲ್ಲಿ ರಕ್ತ ಪರೀಕ್ಷೆಯ ಜೆರಾಕ್ಸ್ ಇತ್ತು. ಪ್ಲೇಟ್‌ಲೆಟ್ 42,000. ಡೆಂಗಿಯಲ್ಲಿ ಅಷ್ಟು ಇಳಿಯುವುದು ಹೊಸದೇನಲ್ಲ. ಆದರೆ ಅದರ ಎರಡು ಸಾಲು ಕೆಳಗೆ ಪಿಸಿಟಿ 0.149 ಎಂದಿತ್ತು. ಈ ಎರಡು ಅಂಕಿ ಒಂದೇ ರಕ್ತದಲ್ಲಿ ಒಟ್ಟಿಗೆ ಇರಲು ಸಾಧ್ಯವಿಲ್ಲ.

ಅದು ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಮಾತು. ರಿಪೋರ್ಟಿನಲ್ಲಿ ಹೊಂದಾಣಿಕೆ ಇಲ್ಲ ಎಂದರೆ ಯಾರೋ ಮೋಸ ಮಾಡಿದ್ದಾರೆ ಎಂದೇ ಅರ್ಥವಲ್ಲ. ಲ್ಯಾಬಿನಲ್ಲಿ ಟೈಪಿಂಗ್ ತಪ್ಪುತ್ತದೆ, ಟ್ಯೂಬು ಅದಲುಬದಲಾಗುತ್ತದೆ. ನಾವು ಹುಡುಕುತ್ತಿರುವುದು "ಲ್ಯಾಬನ್ನು ಒಂದು ಮಾತು ಕೇಳಬೇಕಾ" ಎಂಬ ಪ್ರಶ್ನೆಗೆ ಉತ್ತರ, ಅಷ್ಟೇ.

ಮೊದಲು ಫೈಲ್ ತರಿಸಿಕೊಳ್ಳಿ

ಜೆರಾಕ್ಸ್ ಅಥವಾ ವಾಟ್ಸಾಪಿನಲ್ಲಿ ಬಂದ ಫೋಟೋ ಇಟ್ಟುಕೊಂಡು ಅಕ್ಷರದ ಅಂಚು, ಕಲೆ, ಬಣ್ಣ ಅಂತ ಹುಡುಕುತ್ತಾ ಕೂರಬೇಡಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಆಗ ನಿಜವಾದ ಅಕ್ಷರದ ಸುತ್ತಲೂ ಮಸುಕು ಚುಕ್ಕೆಗಳು ಬರುತ್ತವೆ, ಅಂಟಿಸಿದ ಅಕ್ಷರದ ಸುತ್ತಲೂ ಬರುತ್ತವೆ. ಫೋಟೋ ತೆಗೆದ ದಿನಾಂಕದಂಥ ಮಾಹಿತಿಯೂ ಅಳಿಸಿಹೋಗಿರುತ್ತದೆ. ಆನ್‌ಲೈನಿನಲ್ಲಿ ಫೋಟೋ ಹಾಕಿದರೆ "ಇಲ್ಲಿ ತಿದ್ದಿದ್ದಾರೆ" ಎಂದು ಬಣ್ಣ ಬಳಿದು ತೋರಿಸುವ ಸೈಟುಗಳಿವೆ. ಎರಡು ಸಲ ಫಾರ್ವರ್ಡ್ ಆದ ಚಿತ್ರದ ಮೇಲೆ ಅವು ಕೊಡುವ ತೀರ್ಪಿಗೆ ನಾನು ಬೆಲೆ ಕೊಡುವುದಿಲ್ಲ.

ಈಗ ಹೆಚ್ಚಿನ ಲ್ಯಾಬುಗಳು ಪಿಡಿಎಫ್ ಕಳಿಸುತ್ತವೆ, ಇಲ್ಲವೇ ಮೆಸೇಜಿನಲ್ಲಿ ಲಿಂಕ್ ಕೊಡುತ್ತವೆ. "ಆ ಪಿಡಿಎಫ್ ಇದ್ದ ಹಾಗೇ ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಕೇಳಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಬದಲಾಗದೆ ಬರುತ್ತದೆ. ಅದು ಬರುವವರೆಗೆ ಕೈಯಲ್ಲಿರುವ ಜೆರಾಕ್ಸಿನಲ್ಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅಂಕಿಗಳ ಲೆಕ್ಕಕ್ಕೆ ಜೆರಾಕ್ಸ್ ಸಾಕು.

ಮೇಲಿನ ಪಟ್ಟಿ

ಹೆಸರು, ವಯಸ್ಸು, ಲಿಂಗ, ಸ್ಯಾಂಪಲ್ ನಂಬರ್ ಇರುವ ಮೇಲಿನ ಪಟ್ಟಿಯನ್ನು ಎಲ್ಲರೂ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಅಲ್ಲಿ ಸ್ವಲ್ಪ ನಿಲ್ಲಿ.

ಲ್ಯಾಬಿನ ಸಾಫ್ಟ್‌ವೇರ್ ವಯಸ್ಸು ಮತ್ತು ಲಿಂಗ ನೋಡಿಕೊಂಡೇ ಪಕ್ಕದ ಸಾಮಾನ್ಯ ಮಿತಿಗಳನ್ನು ಮುದ್ರಿಸುತ್ತದೆ. ಹಿಮೋಗ್ಲೋಬಿನ್ ಮಿತಿ ಗಂಡಸರಿಗೆ ಹೆಚ್ಚು ಕಡಿಮೆ 13ರಿಂದ 17, ಹೆಂಗಸರಿಗೆ 12ರಿಂದ 15. ಆಮೇಲೆ ಯಾರಾದರೂ ಹೆಸರು, ಲಿಂಗ ಬದಲಿಸಿದರೂ ಬಲಗಡೆಯ ಈ ಕಾಲಂ ಕಡೆ ಗಮನ ಕೊಡುವುದು ಕಡಿಮೆ. 52 ವರ್ಷದ ಗಂಡಸು ಅಂತ ಮೇಲೆ ಬರೆದಿದ್ದು, ಕೆಳಗೆ 12ರಿಂದ 15 ಎಂದಿದ್ದರೆ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿಕೊಳ್ಳಿ. ಒಂದು ವಿನಾಯಿತಿ ಇದೆ: ಕೆಲವು ಸಣ್ಣ ಲ್ಯಾಬುಗಳು ಎಲ್ಲರಿಗೂ ಒಂದೇ ಮಿತಿ ಮುದ್ರಿಸುತ್ತವೆ. ಅದೇ ಲ್ಯಾಬಿನ ಬೇರೆ ರಿಪೋರ್ಟ್ ಒಂದನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಗೊತ್ತಾಗುತ್ತದೆ. ನಮ್ಮೂರಿನ ಪ್ರತಿ ಲ್ಯಾಬಿನದ್ದೂ ಒಂದೊಂದು ಹಳೆಯ ರಿಪೋರ್ಟನ್ನು, ಹೆಸರು ಮುಚ್ಚಿ, ನಾನು ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಈ ಕೆಲಸದಲ್ಲಿ ಅದಕ್ಕಿಂತ ಉಪಯೋಗದ ಸಾಮಾನು ಬೇರೆ ಇಲ್ಲ.

ಆಮೇಲೆ ಮೂರು ಸಮಯಗಳನ್ನು ನೋಡಿ: ಸ್ಯಾಂಪಲ್ ತೆಗೆದದ್ದು, ಲ್ಯಾಬಿಗೆ ಬಂದದ್ದು, ರಿಪೋರ್ಟ್ ಕೊಟ್ಟದ್ದು. ಇವು ಇದೇ ಸರದಿಯಲ್ಲಿ ಇರಬೇಕು. ಒಂದು ದಿನಾಂಕ ತಿದ್ದಿದವರು ಉಳಿದ ಎರಡನ್ನು ಮರೆಯುವುದುಂಟು. ರಿಪೋರ್ಟಿಗೆ ಎರಡನೇ ಪುಟವಿದ್ದರೆ ಅಲ್ಲಿನ ಹೆಸರು, ಸ್ಯಾಂಪಲ್ ನಂಬರನ್ನೂ ಓದಿ. ಬಾರ್‌ಕೋಡ್ ಇದ್ದರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ. ಅದರಲ್ಲಿ ಸಾಮಾನ್ಯವಾಗಿ ಸ್ಯಾಂಪಲ್ ನಂಬರ್ ಇರುತ್ತದೆ. ಪಕ್ಕದಲ್ಲಿ ಅಚ್ಚಾದ ನಂಬರಿಗೂ ಅದಕ್ಕೂ ತಾಳೆಯಾಗಬೇಕು.

ಅಂಕಿಗಳು ಒಂದರ ಕೈ ಒಂದು ಹಿಡಿದಿರುತ್ತವೆ

ರಕ್ತಕಣ ಎಣಿಸುವ ಯಂತ್ರ ರಿಪೋರ್ಟಿನಲ್ಲಿರುವ ಎಲ್ಲವನ್ನೂ ಅಳೆಯುವುದಿಲ್ಲ. ಕೆಲವನ್ನು ಮಾತ್ರ ಅಳೆದು, ಉಳಿದವನ್ನು ಗುಣಾಕಾರ ಭಾಗಾಕಾರ ಮಾಡಿ ಕೊಡುತ್ತದೆ. ಆದ್ದರಿಂದ ಒಂದು ಅಂಕಿ ತಿದ್ದಿದರೆ ಅದರ ಜೊತೆಗಿನ ಅಂಕಿಗಳು ಹಳೆಯ ಕಥೆಯನ್ನೇ ಹೇಳುತ್ತಿರುತ್ತವೆ.

ಆ ಜೆರಾಕ್ಸಿಗೆ ಬರೋಣ. ಅದರಲ್ಲಿದ್ದದ್ದು ಇಷ್ಟು: ಪ್ಲೇಟ್‌ಲೆಟ್ 42,000, ಎಂಪಿವಿ 10.5, ಪಿಸಿಟಿ 0.149. ಎಂಪಿವಿ ಅಂದರೆ ಒಂದು ಪ್ಲೇಟ್‌ಲೆಟ್ಟಿನ ಸರಾಸರಿ ಗಾತ್ರ. ಪಿಸಿಟಿ ಅಂದರೆ ರಕ್ತದಲ್ಲಿ ಪ್ಲೇಟ್‌ಲೆಟ್ಟುಗಳೆಲ್ಲ ಸೇರಿ ಎಷ್ಟು ಶೇಕಡಾ ಜಾಗ ಹಿಡಿದಿವೆ ಎಂಬುದು. (ಸೋಂಕು ನೋಡಲು ಮಾಡಿಸುವ ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆಗೂ ಪಿಸಿಟಿ ಅಂತಾರೆ, ಅದು ಬೇರೆ.) ಎಷ್ಟು ಇವೆ, ಒಂದೊಂದು ಎಷ್ಟು ದೊಡ್ಡದು ಎಂದು ಗೊತ್ತಾದರೆ ಒಟ್ಟು ಜಾಗ ಗೊತ್ತಾಯಿತಲ್ವಾ? ಪ್ಲೇಟ್‌ಲೆಟ್ಟನ್ನು ಸಾವಿರದಲ್ಲಿ ಬರೆದುಕೊಂಡರೆ ಸೂತ್ರ ಹೀಗೆ:

```
PCT = PLT × MPV ÷ 10000
42 × 10.5 ÷ 10000 = 0.044
```

ರಿಪೋರ್ಟಿನಲ್ಲಿ ಇದ್ದದ್ದು 0.149. ಈಗ ಲೆಕ್ಕವನ್ನು ತಿರುಗಿಸಿ ಮಾಡಿ:

```
PLT = PCT × 10000 ÷ MPV
0.149 × 10000 ÷ 10.5 = 141.9
```

ಅಂದರೆ ಯಂತ್ರ ಎಣಿಸಿದ್ದು ಸುಮಾರು 1,42,000. ಮುಂದಿನ "1," ಹೋದರೆ ಉಳಿಯುವುದು 42,000. ಬದಲಾವಣೆ ಹೇಗಾಗಿದೆ ಎಂಬುದೂ ಕಾಣಿಸಿಬಿಟ್ಟಿತು. 1,42,000 ಕೂಡ 1,50,000ದ ಮಿತಿಗಿಂತ ಕಡಿಮೆಯೇ. ಹಾಗಾಗಿ ಪಕ್ಕದಲ್ಲಿದ್ದ "ಕಡಿಮೆ" ಎಂಬ ಗುರುತು ಲ್ಯಾಬೇ ಹಾಕಿದ್ದು, ಅದನ್ನು ಯಾರೂ ಮುಟ್ಟಬೇಕಾಗಿರಲಿಲ್ಲ. ಆದರೆ ಕೊನೆಯಲ್ಲಿ ರಕ್ತಲೇಪದ, ಅಂದರೆ ಗಾಜಿನ ಮೇಲೆ ಹರಡಿದ ರಕ್ತವನ್ನು ಕಣ್ಣಿಂದ ನೋಡಿ ಬರೆದ ಷರಾ ಇತ್ತು: ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಎಂದು. 42,000 ಇದ್ದಿದ್ದರೆ ಯಾವ ಪ್ಯಾಥಾಲಜಿಸ್ಟರೂ "ಸ್ವಲ್ಪ" ಎಂದು ಬರೆಯುವುದಿಲ್ಲ. ಅಂಕಿ ತಿದ್ದುವವರು ವಾಕ್ಯಗಳನ್ನು ಓದುವುದಿಲ್ಲ. ಇದು ನನ್ನ ಅನುಭವದ ಮಾತು.

ಇಲ್ಲಿ ಒಂದು ಎಚ್ಚರ. ಪ್ಲೇಟ್‌ಲೆಟ್ಟುಗಳು ಟ್ಯೂಬಿನೊಳಗೇ ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ಯಂತ್ರ ಕಡಿಮೆ ಎಣಿಸುತ್ತದೆ. ಆಗ ಟೆಕ್ನಿಷಿಯನ್ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಂದ ಅಂದಾಜು ಮಾಡಿ, ಪ್ಲೇಟ್‌ಲೆಟ್ ಅಂಕಿಯನ್ನು ಕೈಯಾರೆ ಸರಿಪಡಿಸುತ್ತಾನೆ. ಪಿಸಿಟಿ ಮಾತ್ರ ಯಂತ್ರ ಕೊಟ್ಟದ್ದೇ ಉಳಿದುಬಿಡಬಹುದು. ನಾನೇ ಎಷ್ಟೋ ಸಲ ಹೀಗೆ ಮಾಡಿದ್ದೇನೆ. ಆದರೆ ಆಗ ತಿದ್ದಿದ ಅಂಕಿ ಯಂತ್ರದ ಅಂಕಿಗಿಂತ ಜಾಸ್ತಿಯೇ ಆಗಿರುತ್ತದೆ, ಮತ್ತು ಗುಂಪು ಕಂಡಿತು ಎಂದು ಷರಾದಲ್ಲಿ ಬರೆದಿರುತ್ತಾರೆ. ಇಲ್ಲಿ ಎರಡೂ ಇರಲಿಲ್ಲ. ಇನ್ನೊಂದು ವಿಷಯ: ಎಲ್ಲ ಲ್ಯಾಬುಗಳೂ ಪಿಸಿಟಿ ಮುದ್ರಿಸುವುದಿಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದಾಗ ಯಂತ್ರ ಎಂಪಿವಿ, ಪಿಸಿಟಿ ಜಾಗದಲ್ಲಿ ಬರೀ ಗೆರೆ ಹಾಕುವುದೂ ಉಂಟು.

ಹಿಮೋಗ್ಲೋಬಿನ್ ತಿದ್ದಿದ್ದಾರಾ ಎಂಬ ಅನುಮಾನವಿದ್ದರೆ ಇದೇ ತರಹದ ಲೆಕ್ಕ ಅಲ್ಲಿಯೂ ಇದೆ. ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಶೇಕಡಾ ಜಾಗ ಹಿಡಿದಿವೆ ಎಂಬುದು, ಎಂಸಿಎಚ್‌ಸಿ ಅಂದರೆ ಆ ಕಣಗಳಲ್ಲಿ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಎಂಬುದು. ಹಿಮೋಗ್ಲೋಬಿನ್ನನ್ನು 100ರಿಂದ ಗುಣಿಸಿ ಪಿಸಿವಿಯಿಂದ ಭಾಗಿಸಿದರೆ ಎಂಸಿಎಚ್‌ಸಿ ಬರಬೇಕು. ಅದೇ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 13.2, ಪಿಸಿವಿ 39.9, ಎಂಸಿಎಚ್‌ಸಿ 33.1 ಇತ್ತು. ಗುಣಿಸಿ ಭಾಗಿಸಿದರೆ 33.08. ಸರಿ ಇದೆ, ಆ ಸಾಲುಗಳನ್ನು ಯಾರೂ ಮುಟ್ಟಿಲ್ಲ. ಯಾರಾದರೂ 13.2 ಅನ್ನು 8.2 ಮಾಡಿದ್ದರೆ ಲೆಕ್ಕ 20.6ಕ್ಕೆ ಇಳಿಯುತ್ತಿತ್ತು, ರಿಪೋರ್ಟಿನಲ್ಲಿ ಮಾತ್ರ 33.1 ಕೂತಿರುತ್ತಿತ್ತು. ಕೊನೆಯ ದಶಾಂಶದಲ್ಲಿ ಸಣ್ಣ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಯಂತ್ರ ಲೆಕ್ಕ ಮಾಡುವಾಗ ಉದ್ದದ ಅಂಕಿ ಬಳಸಿ, ಮುದ್ರಿಸುವಾಗ ಮೊಟಕು ಮಾಡುತ್ತದೆ.

ಬೇರೆ ಪರೀಕ್ಷೆಗಳಲ್ಲೂ ಇಂಥ ಜೋಡಿಗಳಿವೆ. ಬಿಳಿ ರಕ್ತಕಣಗಳ ಐದು ಬಗೆ ಸೇರಿ 100 ಆಗಬೇಕು. ನೇರ ಮತ್ತು ಪರೋಕ್ಷ ಬಿಲಿರುಬಿನ್ ಸೇರಿ ಒಟ್ಟು ಬಿಲಿರುಬಿನ್ ಆಗಬೇಕು. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಪಕ್ಕದಲ್ಲಿ ಬರುವ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು, ವಿಶೇಷ. ಅದರ ಲೆಕ್ಕದಲ್ಲಿ ವಯಸ್ಸು, ಲಿಂಗ ಎರಡೂ ಸೇರಿರುತ್ತವೆ. ಕ್ರಿಯಾಟಿನಿನ್ 1.1 ಇರುವ 38 ವರ್ಷದ ಹೆಂಗಸಿಗೆ 2021ರ ಸಿಕೆಡಿ-ಎಪಿ ಸೂತ್ರದಲ್ಲಿ ಇಜಿಎಫ್‌ಆರ್ 66 ಬರುತ್ತದೆ. ಅದೇ 1.1 ಇರುವ 61 ವರ್ಷದ ಗಂಡಸಿಗೆ 76. ಅಂದರೆ ಮೇಲಿನ ಪಟ್ಟಿಯಲ್ಲಿ ಹೆಸರು, ವಯಸ್ಸು ಬದಲಾದರೆ ಕೆಳಗಿನ ಈ ಅಂಕಿ ಹಳೆಯವರದ್ದೇ ಆಗಿ ಉಳಿಯುತ್ತದೆ. ಕ್ಯಾಲ್ಕುಲೇಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಯಾವ ಸೂತ್ರ ಎಂದು ರಿಪೋರ್ಟಿನಲ್ಲಿ ಬರೆದಿದೆಯಾ ನೋಡಿಕೊಂಡು ಹಾಕಿ, ಸೂತ್ರ ಬೇರೆಯಾದರೆ ಉತ್ತರವೂ ಬೇರೆ.

ಅಂಕಿಯೆಲ್ಲ ನಿಜ, ಆದರೆ ರಕ್ತ ಯಾರದ್ದು?

ಹೆಸರು ಮಾತ್ರ ಬದಲಿಸಿ, ಅಂಕಿಗಳನ್ನು ಮುಟ್ಟದೇ ಬಿಟ್ಟರೆ ಮೇಲಿನ ಹೆಚ್ಚಿನ ಲೆಕ್ಕಗಳು ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ. ಆಗ ಅದೇ ರೋಗಿಯ ಎರಡು ರಿಪೋರ್ಟ್ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಎಂಸಿವಿ ನೋಡಿ. ಅದು ಕೆಂಪು ರಕ್ತಕಣದ ಸರಾಸರಿ ಗಾತ್ರ.

ಜ್ವರ ಬಂದಾಗ ಪ್ಲೇಟ್‌ಲೆಟ್ ದಿನಕ್ಕೊಂದು ತರಹ ಇರುತ್ತದೆ, ಬಿಳಿ ಕಣವೂ ಏರಿಳಿಯುತ್ತದೆ. ಆದರೆ ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ನಾಲ್ಕೈದು ದಿನದಲ್ಲಿ ಎಲ್ಲ ಕಣಗಳ ಗಾತ್ರ ಬದಲಾಗುವುದು ಹೇಗೆ ಸಾಧ್ಯ? ಹಾಗಾಗಿ ಒಬ್ಬರ ಎಂಸಿವಿ ಈ ವಾರ 84 ಇದ್ದರೆ ಮುಂದಿನ ವಾರವೂ ಅದರ ಆಸುಪಾಸಿನಲ್ಲೇ ಇರುತ್ತದೆ. ಸ್ಯಾಂಪಲ್ ಅದಲುಬದಲಾಗಿದೆಯಾ ಎಂದು ತಿಳಿಯಲು ಲ್ಯಾಬುಗಳೂ ಇದನ್ನೇ ನೋಡುತ್ತವೆ.

ನಮ್ಮಲ್ಲಿಗೆ ಬಂದ ಇನ್ನೊಂದು ಅರ್ಜಿಯಲ್ಲಿ ನಾಲ್ಕು ದಿನದ ಅಂತರದ ಎರಡು ರಿಪೋರ್ಟ್ ಇತ್ತು. ಮೊದಲನೆಯದರಲ್ಲಿ ಎಂಸಿವಿ 90.4, ಎರಡನೆಯದರಲ್ಲಿ 72.1. ನಡುವೆ ರೋಗಿಗೆ ರಕ್ತ ಏರಿಸಿದ್ದರೆ ಎಂಸಿವಿ ಬದಲಾಗಬಹುದು, ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ರಕ್ತ ಏರಿಸಿದ ಮಾತೇ ಇಲ್ಲ. ನಮ್ಮ ಖಜಾಂಚಿಯವರು ಆಗಲೇ "ಸುಳ್ಳು ರಿಪೋರ್ಟ್" ಎಂದು ಹೊರಟಿದ್ದರು. ಲ್ಯಾಬಿಗೆ ಕೇಳಿದೆವು. ಅಲ್ಲಿ ಆ ದಿನ ಎರಡು ಟ್ಯೂಬಿನ ಚೀಟಿ ಅದಲುಬದಲಾಗಿತ್ತು. ಅರ್ಜಿದಾರರು ಏನೂ ಮಾಡಿರಲಿಲ್ಲ, ಪಾಪ. ಬೇರೆಯವರ ಕಡಿಮೆ ಹಿಮೋಗ್ಲೋಬಿನ್ ನೋಡಿ ಅವರಿಗೆ ಕಬ್ಬಿಣದ ಮಾತ್ರೆ ಬೇರೆ ಶುರು ಮಾಡಿದ್ದರು.

ಪಿಡಿಎಫ್ ಬಂದ ಮೇಲೆ

ಕಂಪ್ಯೂಟರ್ ಹೆಚ್ಚು ಗೊತ್ತಿಲ್ಲದವರಿಗೂ ಒಂದು ಸುಲಭದ ದಾರಿ ಇದೆ. ಫೈಲ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಹಳೆಯ ಅಂಕಿಯ ಮೇಲೆ ಬಿಳಿ ಚೌಕ ಎಳೆದು ಹೊಸದನ್ನು ಬರೆದಿದ್ದರೆ ಕಣ್ಣಿಗೆ ಹೊಸದು ಮಾತ್ರ ಕಾಣುತ್ತದೆ. ಪೇಸ್ಟ್ ಮಾಡಿದಾಗ ಸಾಮಾನ್ಯವಾಗಿ ಎರಡೂ ಹೊರಗೆ ಬರುತ್ತವೆ. ಆ 42,000ದ ಪಿಡಿಎಫ್ ತರಿಸಿದಾಗ ಬಂದ ಸಾಲು ಇದು:

```
PLATELET COUNT   1,42,000 42,000   /cumm   1,50,000 - 4,10,000
```

ಕಂಪ್ಯೂಟರಿನಲ್ಲಿ ಪಾಪ್ಲರ್ ಎಂಬ ಉಚಿತ ಸಲಕರಣೆ ಹಾಕಿಕೊಂಡವರು ಇನ್ನೆರಡು ಆಜ್ಞೆ ಕೊಟ್ಟು ನೋಡಬಹುದು:

```
pdfinfo report.pdf
pdffonts report.pdf
```

ಮೊದಲನೆಯದು ಫೈಲ್ ಹುಟ್ಟಿದ ಮತ್ತು ಬದಲಾದ ದಿನಾಂಕ ತೋರಿಸುತ್ತದೆ. ನಮ್ಮದರಲ್ಲಿ ಹೀಗಿತ್ತು:

```
CreationDate:   Tue Aug 13 18:42:10 2024 IST
ModDate:        Sat Aug 24 21:07:55 2024 IST
```

ಲ್ಯಾಬ್ ರಿಪೋರ್ಟ್ ಕೊಟ್ಟು ಹನ್ನೊಂದು ದಿನದ ಮೇಲೆ, ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಅದನ್ನು ಯಾರೋ ತೆರೆದು ಸೇವ್ ಮಾಡಿದ್ದಾರೆ. ಇದೊಂದೇ ಇದ್ದರೆ ನಾನು ಏನೂ ಹೇಳುತ್ತಿರಲಿಲ್ಲ. ಎರಡು ಪಿಡಿಎಫ್ ಸೇರಿಸಿ ಒಂದು ಮಾಡಿದರೂ, ಗಾತ್ರ ಕಡಿಮೆ ಮಾಡಿದರೂ ದಿನಾಂಕ ಬದಲಾಗುತ್ತದೆ. ಕೆಲವು ಲ್ಯಾಬುಗಳ ಸೈಟಿನಲ್ಲಿ ನೀವು ಡೌನ್‌ಲೋಡ್ ಒತ್ತಿದಾಗಲೇ ಫೈಲ್ ಹೊಸದಾಗಿ ತಯಾರಾಗುತ್ತದೆ.

ಎರಡನೆಯ ಆಜ್ಞೆ ಅಕ್ಷರಶೈಲಿಗಳ ಪಟ್ಟಿ ಕೊಡುತ್ತದೆ. ಲ್ಯಾಬಿನ ರಿಪೋರ್ಟ್ ಪೂರ್ತಿ ವರ್ಡಾನಾದಲ್ಲಿತ್ತು. ಪಟ್ಟಿಯ ಕೊನೆಗೆ ಹೆಲ್ವೆಟಿಕಾ ಒಂದು ಸಾಲು ಬಂತು, ಅದೂ ಫೈಲಿನೊಳಗೆ ಸೇರಿಸದ ಅಕ್ಷರಶೈಲಿ. ಪಿಡಿಎಫ್ ತಿದ್ದುವ ಆ್ಯಪುಗಳು ಹೀಗೆ ತಮ್ಮದೊಂದು ಶೈಲಿ ತಂದು ಹಾಕುವುದು ಮಾಮೂಲಿ. ಇಲ್ಲಿಯೂ ಅದೇ ಲ್ಯಾಬಿನ ಇನ್ನೊಂದು ಫೈಲಿನ ಜೊತೆ ಹೋಲಿಸಿಯೇ ಮಾತಾಡಬೇಕು. ಪುಟದ ನಂಬರಿಗೆ ಅಂತ ಲ್ಯಾಬೇ ಬೇರೆ ಶೈಲಿ ಬಳಸಿರಬಹುದು. ಗೊತ್ತಾದ ಮೇಲೆ ಕಣ್ಣಿಗೂ ಕಂಡಿತು: ಪಕ್ಕದ ಸಾಲಿನ 4,100ರಲ್ಲಿದ್ದ ನಾಲ್ಕು ಒಂದು ತರಹ, 42,000ದ ನಾಲ್ಕು ಸ್ವಲ್ಪ ಇಕ್ಕಟ್ಟು, ಕೂದಲೆಳೆಯಷ್ಟು ಕೆಳಗೆ.

ಇಡೀ ಪುಟ ಒಂದೇ ಚಿತ್ರವಾಗಿದ್ದರೆ ಸೆಲೆಕ್ಟ್ ಮಾಡಲು ಏನೂ ಸಿಗುವುದಿಲ್ಲ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ್ದಾರೆ ಅಂತ. ಆಗ ಮತ್ತೆ ಲೆಕ್ಕಕ್ಕೇ ಬನ್ನಿ.

ಸ್ಕ್ಯಾನ್ ಚಿತ್ರಗಳು

ಸಿಟಿ, ಎಂಆರ್‌ಐ ಫಿಲ್ಮಿನ ಫೋಟೋ ನೋಡಿ ಏನನ್ನೂ ಖಚಿತವಾಗಿ ಹೇಳಲಾಗುವುದಿಲ್ಲ. ಸಿಡಿ ಕೇಳಿ. ಸ್ಕ್ಯಾನ್ ಸೆಂಟರುಗಳು ಕೊಡುತ್ತವೆ. ಅದರಲ್ಲಿ ಡೈಕಾಮ್ ಎಂಬ ಬಗೆಯ ಫೈಲುಗಳು ನೂರಾರು ಇರುತ್ತವೆ, ಪ್ರತಿ ಫೈಲಿನೊಳಗೂ ರೋಗಿಯ ಹೆಸರು, ನಂಬರ್, ವಯಸ್ಸು, ಹುಟ್ಟಿದ ದಿನ, ಸ್ಕ್ಯಾನ್ ಆದ ದಿನ ಬರೆದಿರುತ್ತದೆ. ಸಿಟಿ ಚಿತ್ರದ ಮೂಲೆಯಲ್ಲಿ ಕಾಣುವ ಹೆಸರು ಸಾಮಾನ್ಯವಾಗಿ ಚಿತ್ರದ ಭಾಗವೇ ಅಲ್ಲ. ನೋಡುವ ಸಾಫ್ಟ್‌ವೇರ್ ಆ ಮಾಹಿತಿಯನ್ನು ಓದಿ ಮೇಲೆ ಬರೆಯುತ್ತದೆ. ಅಲ್ಟ್ರಾಸೌಂಡ್ ಹಾಗಲ್ಲ. ಅಲ್ಲಿ ಹೆಸರು ಹೆಚ್ಚಾಗಿ ಚಿತ್ರದೊಳಗೇ ಅಚ್ಚಾಗಿರುತ್ತದೆ. ಮಾಹಿತಿಯಲ್ಲಿ ಒಂದು ಹೆಸರು, ಚಿತ್ರದ ಮೇಲೆ ಇನ್ನೊಂದು ಹೆಸರು ಎಂದಾದರೆ ಸೆಂಟರಿಗೆ ಕೇಳಲೇಬೇಕು.

ಡಿಸಿಎಂಟಿಕೆ ಎಂಬ ಉಚಿತ ಸಲಕರಣೆ ಇದ್ದರೆ, ಸಿಡಿಯ ಫೈಲುಗಳಲ್ಲಿ ಯಾವ ಯಾವ ಹೆಸರು ಎಷ್ಟು ಸಲ ಇದೆ ಎಂದು ಹೀಗೆ ಎಣಿಸಬಹುದು:

```
dcmdump +sd +r +P PatientName CD_FOLDER | sort | uniq -c
```

ಒಂದೇ ಹೆಸರು, ಒಂದೇ ಬಗೆಯ ಕಾಗುಣಿತ ಬಂದರೆ ಸರಿ. ಅದೇ ಆಜ್ಞೆಯಲ್ಲಿ `PatientName` ಬದಲು `PatientBirthDate`, `PatientAge`, `StudyDate`, `AcquisitionDate` ಹಾಕಿ ನೋಡಿ. ಹುಟ್ಟಿದ ದಿನ ತಿದ್ದಿದವರು ವಯಸ್ಸಿನ ಜಾಗದಲ್ಲಿ `045Y` ಅಂತ ಹಳೆಯದನ್ನೇ ಬಿಟ್ಟಿರಬಹುದು. ಸ್ಕ್ಯಾನ್ ದಿನಾಂಕ ಒಂದೇ ಫೈಲಿನೊಳಗೆ ಮೂರು ನಾಲ್ಕು ಕಡೆ ಇರುತ್ತದೆ.

ಮಾಹಿತಿಯೆಲ್ಲ ಹೊಂದಿಕೊಂಡು, ಆದರೂ ಅನುಮಾನ ಉಳಿದರೆ ಅದು ರೇಡಿಯಾಲಜಿಸ್ಟರ ಕೆಲಸ. ಅದೇ ರೋಗಿಯ ಹಳೆಯ ತಲೆಯ ಸ್ಕ್ಯಾನ್ ಇದ್ದರೆ ಅವರು ಹಣೆಯೊಳಗಿನ ಸೈನಸ್ಸಿನ ಆಕಾರ ಹೋಲಿಸಿ ಒಬ್ಬರದ್ದೇನಾ ಎಂದು ಹೇಳಬಲ್ಲರು. ಆ ಆಕಾರ ಒಬ್ಬೊಬ್ಬರದ್ದು ಒಂದೊಂದು ತರಹ. ಚಿತ್ರವನ್ನೇ ಬದಲಿಸಿದ್ದರೆ ಅವರಿಗೂ ಕಷ್ಟ. 2019ರಲ್ಲಿ ಇಸ್ರೇಲಿನ ಬೆನ್-ಗುರಿಯಾನ್ ವಿಶ್ವವಿದ್ಯಾಲಯದ ಸಂಶೋಧಕರು ಶ್ವಾಸಕೋಶದ ಸಿಟಿಯಲ್ಲಿ ಇಲ್ಲದ ಗಡ್ಡೆ ಸೇರಿಸಿ, ಇದ್ದದ್ದನ್ನು ತೆಗೆದು ರೇಡಿಯಾಲಜಿಸ್ಟರಿಗೆ ತೋರಿಸಿದ್ದರು. ಅವರೂ ಮೋಸ ಹೋದರು. ಅಂಥದ್ದಕ್ಕೆ ಸೆಂಟರಿನಲ್ಲಿ ಉಳಿದಿರುವ ಮೂಲ ಪ್ರತಿಯ ಜೊತೆ ಹೋಲಿಸುವುದೊಂದೇ ದಾರಿ.

ಲ್ಯಾಬಿಗೆ ಫೋನು

ರಿಪೋರ್ಟಿನ ಮೇಲಿರುವ ನಂಬರಿಗೆ ಫೋನ್ ಮಾಡಬೇಡಿ, ಅದನ್ನೂ ತಿದ್ದಿರಬಹುದು. ಬೇರೆ ಕಡೆಯಿಂದ ನಂಬರ್ ಹುಡುಕಿ. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಆದರೆ ತೆರೆದ ಪುಟದ ವಿಳಾಸ ಆ ಲ್ಯಾಬಿನದ್ದೇನಾ ಎಂದು ಅಕ್ಷರ ಅಕ್ಷರ ಓದಿ. ಹಸಿರು ಟಿಕ್ ಗುರುತು ಕಂಡ ತಕ್ಷಣ ಒಪ್ಪಬೇಡಿ, ಪುಟದಲ್ಲಿರುವ ಅಂಕಿಗಳನ್ನು ಕೈಯಲ್ಲಿರುವುದರ ಜೊತೆ ಹೋಲಿಸಿ.

ರೋಗಿಯ ಒಪ್ಪಿಗೆ ಪತ್ರವಿಲ್ಲದೆ ಲ್ಯಾಬಿನವರು ಏನೂ ಹೇಳುವುದಿಲ್ಲ, ಹೇಳಲೂಬಾರದು. ನಮ್ಮ ಅರ್ಜಿಯಲ್ಲೇ ಆ ಸಹಿ ಹಾಕಿಸಿಕೊಳ್ಳುತ್ತೇವೆ. ಒಪ್ಪಿಗೆ ಪತ್ರ ಮೊದಲು ಕಳಿಸಿ, ಆಮೇಲೆ ಸ್ಯಾಂಪಲ್ ನಂಬರ್, ದಿನಾಂಕ ಹೇಳಿ, "ನಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಪ್ಲೇಟ್‌ಲೆಟ್ 42,000 ಎಂದಿದೆ, ನಿಮ್ಮಲ್ಲೂ ಅಷ್ಟೇ ಇದೆಯಾ?" ಎಂದು ಕೇಳಿ. ಒಂದೇ ಪ್ರಶ್ನೆ. ತಿದ್ದಿದ್ದಾರೆ, ಮೋಸ ಎಂಬ ಮಾತೆತ್ತಿದರೆ ಆ ಕಡೆಯವರು ಗಾಬರಿಯಾಗಿ ಫೋನನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ.

"ಇಲ್ಲ ಸಾರ್, ನಮ್ಮಲ್ಲಿ ಒಂದು ನಲವತ್ತೆರಡು ಇದೆ" ಎಂದಳು ಫೋನೆತ್ತಿದ ಲ್ಯಾಬಿನ ಹುಡುಗಿ.

ಅರ್ಜಿದಾರರನ್ನು ಕರೆದು, ಎರಡೂ ಹಾಳೆ ಮುಂದಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಇದ್ದರೆ ಮಾತ್ರ ಸಂಘದಿಂದ ದುಡ್ಡು ಬರುತ್ತದೆ ಎಂದು ಯಾರೋ ಅಂದಿದ್ದರಂತೆ. ನಮ್ಮ ನಿಯಮದಲ್ಲಿ ಪ್ಲೇಟ್‌ಲೆಟ್ ಎಂಬ ಪದವೇ ಇಲ್ಲ. ಮೂರು ದಿನ ಆಸ್ಪತ್ರೆಯಲ್ಲಿ ಇದ್ದದ್ದು ನಿಜ, ಬಿಲ್ಲು ನಿಜ, ಅಷ್ಟಿದ್ದರೆ ಸಾಕಿತ್ತು.